ಶೇಂಗಾ ಹೊಲದಲ್ಲಿ ಗಿಡಗಳು ಗುಂಪಾಗಿ ಬಾಡುತ್ತಿವೆ: ಬುಡ ಕೊಳೆಯೋ, ಗೊಣ್ಣೆ ಹುಳುವೋ?

ಬಸವರಾಜ, ಖೇಡ್ (ಪುಣೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಈ ಮುಂಗಾರಿನ ಬಿತ್ತನೆಯ ಸುದ್ದಿ ಮೊದಲು ಹೇಳುತ್ತೇನೆ. ಜೂನ್ ಕೊನೆಯಲ್ಲಿ ಹದ ಸಿಕ್ಕಿತು. ಒಂದು ಎಕರೆಗೆ ಎಸ್‌ಬಿ 11 ಶೇಂಗಾ ಹಾಕಿದ್ದೇನೆ, ಪಕ್ಕದ ಅರ್ಧ ಎಕರೆಗೆ ಸಜ್ಜೆ. ಮೊಳಕೆ ಚೆನ್ನಾಗಿ ಬಂತು, ಎಡೆ ಹೊಡೆದು ಕಳೆ ತೆಗೆದದ್ದೂ ಆಯಿತು. ಈಗ ಆಗಸ್ಟ್ ಮೊದಲ ವಾರ, ಹಳದಿ ಹೂವು ತುಂಬಿದೆ.

ಪೂರ್ವದ ಬದುವಿನ ಕಡೆ ಮಾತ್ರ ಗಿಡಗಳು ಬಾಡುತ್ತಿವೆ. ಒಂದು ಗಿಡ ಬಾಡಿದರೆ ಅದೇ ಸಾಲಿನ ಮುಂದಿನ ಗಿಡಗಳೂ ಕೆಲವೇ ದಿನಗಳಲ್ಲಿ ಜೋತು ಬೀಳುತ್ತವೆ. ಆರು ಗುಂಟೆಯಷ್ಟು ಜಾಗ ಹಾಗಾಗಿದೆ. ಮಳೆ ಬರುತ್ತಲೇ ಇದೆ, ತೇವದ ಕೊರತೆ ಇಲ್ಲ. ಔಷಧದ ಅಂಗಡಿಯವರು ಗಿಡ ನೋಡದೆಯೇ ಮೂರು ಬಾಟಲಿ ಎತ್ತಿಟ್ಟರು, ನಾನು ಕೊಳ್ಳಲಿಲ್ಲ. ಏನಿರಬಹುದು, ತಿಳಿದವರು ಹೇಳಿ.

ಶಿವಾನಂದ, ಹಡಪ್ಸರ್

ಬಸಣ್ಣ, ಇದು ಬುಡ ಕೊಳೆ ರೋಗ. ಮಳೆ ಹಿಡಿದುಕೊಂಡಾಗ ಶೇಂಗಾಕ್ಕೆ ಬರುವುದೇ ಅದು. ನಮ್ಮ ಊರು ವಿಜಯಪುರ ಜಿಲ್ಲೆಯ ಇಂಡಿ, ಆ ಕಡೆ ಪ್ರತಿ ವರ್ಷ ನೋಡುತ್ತೇವೆ. ಕಾರ್ಬೆಂಡಜಿಮ್ ಕಲಸಿ ಬುಡಕ್ಕೆ ಹೊಯ್ಯಿರಿ, ನಿಲ್ಲುತ್ತದೆ.

ಮಲ್ಲಮ್ಮ, ಜುನ್ನರ್

ಶಿವಾನಂದ ಅವರು ಹೇಳಿದ್ದು ಇರಲೂಬಹುದು, ಆದರೆ ಗಿಡ ಕೀಳದೆ ತೀರ್ಮಾನಿಸುವುದು ಬೇಡ. ಬಸಣ್ಣ, ಪೂರ್ತಿ ಒಣಗಿದ್ದನ್ನು ಬಿಟ್ಟು, ಇಂದು ಬೆಳಿಗ್ಗೆ ಬಾಡಲು ಶುರುವಾದ ಗಿಡವನ್ನೇ ಕಿತ್ತು ನೋಡಿ. ಬುಡ ಕೊಳೆಯಾದರೆ ಮಣ್ಣಿಗೆ ತಾಗಿದ ಕಾಂಡದ ಮೇಲೆ ಬಿಳಿ ನೂಲಿನಂತಹ ಬೂಸು ಇರುತ್ತದೆ, ಅದರ ನಡುವೆ ಸಾಸಿವೆ ಗಾತ್ರದ ಕಂದು ಗುಳಿಗೆಗಳು ಕಾಣುತ್ತವೆ. ಕಾಂಡದ ಬುಡ ಕಪ್ಪಾಗಿ ಪುಡಿ ಉದುರಿದರೆ ಅದು ಬೇರೆ ಕೊಳೆ, ಅದು ಹೆಚ್ಚಾಗಿ ಎಳೆಯ ಸಸಿಗಳಲ್ಲಿ ಬರುತ್ತದೆ. ಕಾಂಡ ಸ್ವಚ್ಛವಾಗಿದ್ದು, ಗಿಡ ಎಳೆದ ಕೂಡಲೇ ಕೈಗೆ ಬಂದು, ಬೇರು ಕತ್ತರಿಸಿದಂತಿದ್ದರೆ ಗೊಣ್ಣೆ ಹುಳು. ಇಲ್ಲಿಯವರು ಹುಮಣಿ ಎನ್ನುತ್ತಾರೆ.

ಗಿಡ ಕಿತ್ತ ಜಾಗದಲ್ಲೇ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಅರ್ಧ ಅಡಿ ಆಳಕ್ಕೆ ಮಣ್ಣು ತೆಗೆದು ಕೈಯಿಂದ ಪುಡಿ ಮಾಡಿ ಹುಡುಕಿ. ಬಾಡಿದ ಕಡೆ ಐದು ಗುಂಡಿ, ಹಸಿರಿರುವ ಕಡೆ ಐದು ಗುಂಡಿ. ಬದುವಿನ ಮೇಲೆ ಯಾವ ಮರಗಳಿವೆ, ಅದನ್ನೂ ತಿಳಿಸಿ.

ಈರಣ್ಣ, ದೌಂಡ್

ನನ್ನ ಕಬ್ಬಿನಲ್ಲೂ ಹುಮಣಿ ಇದೆ. ಗದ್ದೆಗೆ ಒಂದು ದಿನಕ್ಕಿಂತ ಹೆಚ್ಚು ಹೊತ್ತು ನೀರು ನಿಲ್ಲಿಸಿದೆ, ಉಸಿರು ಕಟ್ಟಿ ಸತ್ತವು. ನೀವೂ ಹಾಗೇ ಮಾಡಿ. ಬೆಳಕಿನ ಬಲೆಯನ್ನೂ ಕಟ್ಟಿ, ದುಂಬಿಗಳು ಬಂದು ಬೀಳುತ್ತವೆ. ಅಂದ ಹಾಗೆ, ಕಬ್ಬಿನ ಕೂಳೆ ಬಿಡಲೋ ತೆಗೆಯಲೋ ಎಂದು ಯಾರಾದರೂ ಹೇಳಿದರೆ ಉಪಕಾರ.

ಬಸವರಾಜ

ಮಲ್ಲಕ್ಕ, ನೋಡಿದೆ. ಕಾಂಡದ ಮೇಲೆ ಬೂಸು ಇಲ್ಲ. ಗಿಡ ಸಲೀಸಾಗಿ ಬರುತ್ತದೆ, ತಾಯಿ ಬೇರು ಮೊಂಡಾಗಿದೆ, ಸಣ್ಣ ಬೇರುಗಳೇ ಇಲ್ಲ. ಬಾಡಿದ ಕಡೆಯ ಐದು ಗುಂಡಿಗಳಲ್ಲಿ ಒಟ್ಟು ಆರು ಹುಳು ಸಿಕ್ಕವು: ಬಿಳಿ ಮೈ, ಕಂದು ತಲೆ, ಸುರುಳಿ ಸುತ್ತಿ ಮಲಗಿದ್ದವು, ಕಿರುಬೆರಳಿನ ಅರ್ಧದಷ್ಟು ಉದ್ದ. ಹಸಿರಿನ ಕಡೆ ಒಂದೂ ಇಲ್ಲ. ಬದುವಿನ ಮೇಲೆ ನೆರೆಯವರ ಮೂರು ಬೇವಿನ ಮರಗಳಿವೆ, ಒಂದು ಜಾಲಿ.

ಒಂದು ಅನುಮಾನ. ತಿಪ್ಪೆ ಗೊಬ್ಬರದಲ್ಲೂ ಇಂತಹವೇ ದಪ್ಪ ಹುಳುಗಳಿವೆ. ಗೊಬ್ಬರದಿಂದಲೇ ಹೊಲಕ್ಕೆ ಬಂದವೇ?

ಮಲ್ಲಮ್ಮ

ಹಾಗಾದರೆ ಗೊಣ್ಣೆ ಹುಳುವೇ. ಒಂದಡಿಯ ಐದು ಗುಂಡಿ ಸೇರಿದರೆ ಸುಮಾರು ಅರ್ಧ ಚದರ ಮೀಟರ್. ಅಲ್ಲಿ ಆರು ಎಂದರೆ ಚದರ ಮೀಟರಿಗೆ ಹನ್ನೆರಡರ ಮೇಲೆ. ಶೇಂಗಾದಲ್ಲಿ ಒಂದು ಹುಳು ಸಿಕ್ಕರೇ ಕ್ರಮ ಕೈಗೊಳ್ಳಬೇಕು ಎನ್ನುತ್ತಾರೆ.

ತಿಪ್ಪೆಯ ಹುಳುವನ್ನು ಹಲಗೆಯ ಮೇಲೆ ಬಿಡಿ. ಅಂಗಾತ ಬಿದ್ದು ಬೆನ್ನ ಮೇಲೆಯೇ ತೆವಳಿಕೊಂಡು ಹೋದರೆ ಅದು ಕೊಳೆತ ಗೊಬ್ಬರ ತಿನ್ನುವ ಜಾತಿ, ನಿಮ್ಮ ಬೇರಿನ ತಂಟೆಗೆ ಬರುವುದಿಲ್ಲ. ಹೊಲದ್ದು ಪಕ್ಕಕ್ಕೆ ಸುರುಳಿಯಾಗಿಯೇ ಬಿದ್ದಿರುತ್ತದೆ. ಅರೆಬರೆ ಕಳಿತ ಗೊಬ್ಬರವೂ ಹುಳುವನ್ನು ತರುತ್ತದೆ, ಸುಳ್ಳಲ್ಲ. ಆದರೆ ಗೊಬ್ಬರ ಹೊಲಕ್ಕೆಲ್ಲ ಹರಡಿದ್ದೀರಿ, ಹುಳು ಮಾತ್ರ ಬದುವಿನ ಕಡೆ ಇದೆ. ಮುಂಗಾರಿನ ಮೊದಲ ಮಳೆಗಳಿಗೆ ದುಂಬಿಗಳು ಮುಸ್ಸಂಜೆಯಲ್ಲಿ ನೆಲದಿಂದ ಎದ್ದು ಬೇವು, ಜಾಲಿಗಳ ಎಲೆ ತಿನ್ನುತ್ತವೆ, ಬೆಳಗಾಗುವ ಮುಂಚೆ ಹತ್ತಿರದ ಮಣ್ಣಿಗೆ ಇಳಿದು ಮೊಟ್ಟೆ ಇಡುತ್ತವೆ. ನಿಮ್ಮ ಹುಳು ಬಂದದ್ದು ಆ ಮರಗಳಿಂದ ಎಂದೇ ನನಗನಿಸುತ್ತದೆ.

ಈರಣ್ಣ ಅವರೇ, ನೀರು ನಿಲ್ಲಿಸುವುದು ಕಬ್ಬಿಗೆ ಸರಿ. ಶೇಂಗಾಕ್ಕೆ ಹಾಗೆ ಮಾಡಿದರೆ ಹುಳುವಿಗಿಂತ ಮೊದಲು ಬೆಳೆಯೇ ಹೋಗುತ್ತದೆ. ಬೆಳಕಿನ ಬಲೆಯ ಕಾಲವೂ ಮುಗಿಯಿತು, ಈಗ ಇರುವುದು ದುಂಬಿಯಲ್ಲ, ಮಣ್ಣಿನೊಳಗಿನ ಮರಿ.

ಈಗ ಮಾಡುವುದು ಇಷ್ಟು. ಬಾಡಿದ ಗಿಡ ಕಿತ್ತಾಗಲೆಲ್ಲ ಅದರ ಬುಡದ ಹುಳುವನ್ನು ಹುಡುಕಿ ಕೊಲ್ಲಿ, ಇಲ್ಲದಿದ್ದರೆ ಅದು ಸಾಲು ಹಿಡಿದು ಪಕ್ಕದ ಗಿಡಕ್ಕೆ ಹೋಗುತ್ತದೆ. ಸೂಜಿಗಳು ಮಣ್ಣಿಗಿಳಿಯುವ ಹೊತ್ತು, ಇನ್ನು ಎಡೆ ಹೊಡೆಯಬೇಡಿ. ಹಸಿರಿರುವ ಭಾಗಕ್ಕೆ ಮೆಟಾರೈಜಿಯಂ ಶಿಲೀಂಧ್ರವನ್ನು ಎಕರೆಗೆ ನಾಲ್ಕು ಕಿಲೋ ಲೆಕ್ಕದಲ್ಲಿ ಚೆನ್ನಾಗಿ ಕಳಿತ ಗೊಬ್ಬರಕ್ಕೆ ಬೆರೆಸಿ, ಮಣ್ಣು ತೇವವಿರುವಾಗ ಸಂಜೆ ಸಾಲಿನ ಬುಡಕ್ಕೆ ಹಾಕಿ. ನಾರಾಯಣಗಾಂವ್ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಅದು ನಿಧಾನ, ಎರಡು ಮೂರು ವಾರ ಬೇಕು. ಕೆಲಸ ಮಾಡಿದ್ದರೆ ಸತ್ತ ಹುಳುವಿನ ಮೈಮೇಲೆ ಹಸಿರು ಬೂಸು ಕಾಣುತ್ತದೆ. ಕಾರ್ಬೆಂಡಜಿಮ್ ಹೊಯ್ದರೆ ಈ ಶಿಲೀಂಧ್ರವೂ ಸಾಯುತ್ತದೆ, ಅದಕ್ಕೇ ಅದು ಬೇಡ.

ಆರು ಗುಂಟೆಗೆ ಅಷ್ಟು ಕಾಯಲು ಆಗುವುದಿಲ್ಲ. ನಾನು ಅಂತಹ ಜಾಗಕ್ಕೆ ಕ್ಲೋರೋಪೈರಿಫಾಸ್ 20 ಇಸಿ ಹೊಯ್ದಿದ್ದೇನೆ, ಲೀಟರಿಗೆ 4 ಮಿಲಿ. ನಿಮ್ಮ ಜಾಗಕ್ಕೆ ಹದಿನೈದು ಲೀಟರಿನ ನಾಲ್ಕು ಡಬ್ಬಿ ಸಾಕು, ಡಬ್ಬಿಗೆ 60 ಮಿಲಿ. ಸಿಂಪಡಿಸುವ ನಳಿಕೆ ಬಿಚ್ಚಿ, ನೇರವಾಗಿ ಬುಡಕ್ಕೆ. ಎಲೆಗೆ ಹೊಡೆದರೆ ಮಣ್ಣಿನೊಳಗಿನ ಹುಳುವಿಗೆ ತಾಗುವುದಿಲ್ಲ. ಕೈಗವಸು, ಮುಖಕ್ಕೆ ಬಟ್ಟೆ ಬೇಕೇ ಬೇಕು. ಬಾಟಲಿಯ ಚೀಟಿಯಲ್ಲಿ ಶೇಂಗಾ ಹೆಸರಿದೆಯೇ ನೋಡಿ, ಚೀಟಿಯಲ್ಲಿ ಬೇರೆ ಪ್ರಮಾಣ ಇದ್ದರೆ ಅದನ್ನೇ ನಂಬಿ. ಆ ಜಾಗದ ಹೊಟ್ಟನ್ನು ದನಗಳಿಗೆ ಹಾಕಬೇಡಿ.

ಶಿವಾನಂದ

ಬೇರು ಮೊಂಡಾಗಿದ್ದರೆ ಹುಳುವೇ, ಒಪ್ಪುತ್ತೇನೆ. ಆದರೂ ಮಲ್ಲಕ್ಕ, ಆರು ಗುಂಟೆಗೆ ವಿಷ ಹೊಯ್ಯುವ ಬದಲು ಆ ಜಾಗ ಹರಗಿ ಮೇವಿನ ಜೋಳ ಬಿತ್ತುವುದು ಮೇಲಲ್ಲವೇ? ಹೋದ ಗಿಡ ಹೇಗೂ ಬರುವುದಿಲ್ಲ.

ಮಲ್ಲಮ್ಮ

ಹರಗಿದರೆ ಹುಳು ಮೇಲೆ ಬಂದು ಕಾಗೆ, ಗೊರವಂಕ ತಿನ್ನುತ್ತವೆ, ಅದು ಲಾಭ. ಆದರೆ ಗೊಣ್ಣೆ ಹುಳು ಜೋಳದ ಬೇರನ್ನೂ ಬಿಡುವುದಿಲ್ಲ. ಆ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಗಿಡ ಹೋಗಿದ್ದರೆ ನೀವು ಹೇಳಿದ ದಾರಿಯೂ ಸರಿಯೇ. ಬಸಣ್ಣ ಎಣಿಸಿ ನೋಡಬೇಕು.

ಬಸವರಾಜ

ಎಣಿಸಿದೆ. ಬದುವಿಗೆ ಅಂಟಿದ ಎರಡು ಗುಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿವೆ, ಅದನ್ನು ಹರಗಿ ಈ ವರ್ಷ ಹಾಗೇ ಬಿಡುತ್ತೇನೆ. ಉಳಿದ ನಾಲ್ಕಕ್ಕೆ ಔಷಧ, ಆಚೆಗೆ ಮೆಟಾರೈಜಿಯಂ. ತಿಪ್ಪೆಯ ಹುಳು ಬೆನ್ನ ಮೇಲೆಯೇ ತೆವಳಿತು.

ಬರುವ ವರ್ಷ ಮೊದಲ ಮಳೆಯ ಸಂಜೆ ಬೇವಿನ ಕೊಂಬೆ ಅಲುಗಿಸಿ ದುಂಬಿ ಹಿಡಿಯೋಣ ಎಂದು ನೆರೆಯವರನ್ನು ಕೇಳಿದೆ. ಮರ ಕಡಿಸಲು ಬಂದಿದ್ದೇನೆ ಎಂದುಕೊಂಡು ಅವರು ಇನ್ನೂ ಒಪ್ಪಿಲ್ಲ. ಪಕ್ಕದ ಸಜ್ಜೆಯಲ್ಲೂ ನಾಳೆ ಐದು ಗುಂಡಿ ತೋಡುತ್ತೇನೆ, ಸಿಕ್ಕಿದ್ದನ್ನು ಇಲ್ಲಿಯೇ ಬರೆಯುತ್ತೇನೆ.