ಜ್ವರ, ನೆಗಡಿ ಮತ್ತು ಕಿಲಿಗ್

ಮನಿಲಾದ ಮಳೆಗಾಲದ ಒಂದು ಶನಿವಾರ ಸಂಜೆ ಮಕಾಟಿಯ ಸುಮಕ್ಕನ ಮನೆಯಲ್ಲಿ ನಾವು ನಾಲ್ವರು ಕಾಫಿಗೆ ಸೇರುವುದಿತ್ತು. ಕೊನೆಗೆ ಬಂದ ರಾಯರು ಛತ್ರಿಯನ್ನು ಮೂಲೆಗೆ ಒರಗಿಸುತ್ತಲೇ, ಕಚೇರಿಯವರು ತಮ್ಮನ್ನು ‘ವಲಾಂಗ್ ಪಾಕಿಸಾಮ’ ಎಂದು ಕರೆದರೆಂದೂ, ಅದು ಬೈಗುಳವೋ ಬಿರುದೋ ತಿಳಿಯುವ ತನಕ ತಾವು ಲೋಟ ಮುಟ್ಟುವುದಿಲ್ಲವೆಂದೂ ಘೋಷಿಸಿದರು.

“ಬೈಗುಳವೇ. ‘ವಲಾ’ ಎಂದರೆ ಇಲ್ಲ. ಪಾಕಿಕಿಸಾಮ ಇಲ್ಲದ ಮನುಷ್ಯ ಎಂದು ಅರ್ಥ. ಗೊತ್ತಾಯಿತಲ್ಲ, ಇನ್ನು ಕಾಫಿ ಕುಡಿಯಿರಿ” ಎಂದರು ಸುಮಕ್ಕ. ಇಪ್ಪತ್ತು ವರ್ಷ ಇಲ್ಲಿಯೇ ಸಂಸಾರ ಮಾಡಿರುವ ಅವರ ಟಾಗಲಾಗ್ ಕೇಳಿದರೆ ತರಕಾರಿಯವಳು ಕೂಡ ಚೌಕಾಸಿಗೆ ಇಳಿಯುವುದಿಲ್ಲ.

ರಾಯರ ಅಪರಾಧವೇನೆಂದು ಕೇಳಿದೆವು. ಸಂಬಳದ ದಿನ ಸಹೋದ್ಯೋಗಿಗಳು ‘ಇನೂಮನ್’ ಅಂದರೆ ಕುಡಿತದ ಕೂಟಕ್ಕೆ ಕರೆದಿದ್ದರು. ಅಲ್ಲಿ ಇರುವುದು ಒಂದೇ ಗ್ಲಾಸು. ‘ತಂಗೆರೊ’ ಎನ್ನುವ ಒಬ್ಬನು ಅದಕ್ಕೆ ಅಳತೆಯಾಗಿ ಸುರಿದು ಕೊಡುತ್ತಾನೆ; ಪಡೆದವನು ಕುಡಿದು ಗ್ಲಾಸನ್ನು ಅವನಿಗೇ ಮರಳಿಸುತ್ತಾನೆ; ಅದು ಮತ್ತೆ ತುಂಬಿ ಪಕ್ಕದವನಿಗೆ ಹೋಗುತ್ತದೆ. ಈ ಸರದಿಗೆ ‘ತಗಾಯ್’ ಎನ್ನುತ್ತಾರೆ. ರಾಯರು ಕುಡಿಯುವವರಲ್ಲ. ಆದುದರಿಂದ ಅವರು ತಮ್ಮದೇ ಹಣ್ಣಿನ ರಸದ ಬಾಟಲಿ ಮತ್ತು ತಮ್ಮದೇ ಸ್ಟೀಲ್ ಲೋಟದೊಂದಿಗೆ ಹೋಗಿ, ಮೇಜಿನ ತುದಿಯಲ್ಲಿ ಕುಳಿತು, ತಮ್ಮ ಪಾಲಿನ ಖರ್ಚನ್ನು ಸೆಂಟಾವೊ ಬಿಡದೆ ಲೆಕ್ಕ ಹಾಕಿ ಕೊಟ್ಟು, ಎಂಟು ಗಂಟೆಗೆ ಸರಿಯಾಗಿ ಎದ್ದು ಬಂದಿದ್ದರು.

“ಮಡಿಯಲ್ಲಿ ಬಡಿಸಿಕೊಂಡಂತೆ” ಎಂದರು ಶೆಟ್ಟರು.

“ಕುಡಿಯದಿದ್ದುದು ಅಪರಾಧವೇ?”

“ಅಲ್ಲ, ಬೇರೆ ಲೋಟ ಅಪರಾಧ” ಎಂದರು ಸುಮಕ್ಕ. “ಪದವನ್ನೇ ಬಿಡಿಸಿ ನೋಡಿ. ‘ಸಾಮ’ ಎಂದರೆ ಜೊತೆಗೆ ಬರುವುದು. ಅದರ ಮುಂದೆ ‘ಮಾಕಿ’ ಎಂಬ ಪ್ರತ್ಯಯ ಸೇರಿದರೆ, ಇತರರು ಮಾಡುತ್ತಿರುವುದರಲ್ಲಿ ನಾನೂ ಪಾಲುಗೊಳ್ಳುತ್ತೇನೆ ಎಂದಾಗುತ್ತದೆ. ಅದರ ನಾಮಪದವೇ ಪಾಕಿಕಿಸಾಮ. ಈ ‘ಮಾಕಿ’ ಬಲು ಉದಾರಿ; ಯಾವ ಧಾತುವಿಗೂ ಒಲ್ಲೆ ಎನ್ನುವುದು ಅಪರೂಪ. ‘ಕಾಯಿನ್’ ಅಂದರೆ ಊಟ, ‘ಮಾಕಿಕಾಯಿನ್’ ಅಂದರೆ ಇನ್ನೊಬ್ಬರ ಎಲೆಯ ಪಕ್ಕದಲ್ಲಿ ಕೂರುವುದು. ‘ತೂಲೊಗ್’ ಅಂದರೆ ನಿದ್ದೆ, ‘ಮಾಕಿತೂಲೊಗ್’ ಅಂದರೆ ಅವರ ಮನೆಯಲ್ಲಿ ಮಲಗುವುದು. ಜನ ತುಂಬಿದ ಓಣಿಯಲ್ಲಿ ‘ದಾರಿ ಬಿಡಿ’ ಎನ್ನದೆ ‘ಮಾಕಿಕಿರಾನ್ ಪೊ’ ಎನ್ನುತ್ತಾರೆ. ನಿಮ್ಮ ದಾರಿಯಲ್ಲಿ ನನಗೂ ಪಾಲಿರಲಿ, ಸ್ವಾಮಿ, ಎಂದಂತೆ. ಜೀಪ್ನಿಯಲ್ಲಿ ಎದುರುಬದುರು ಕುಳಿತವರು ಹಿಂದಿನವನ ಚಿಲ್ಲರೆಯನ್ನು ಕೈಯಿಂದ ಕೈಗೆ ದಾಟಿಸಿ ಚಾಲಕನಿಗೆ ಮುಟ್ಟಿಸುವುದೂ ಇದೇ ವ್ಯಾಕರಣ.”

“ಹಾಗಾದರೆ ಇದು ನಮ್ಮ ದಾಕ್ಷಿಣ್ಯವೇ” ಎಂದು ರಾಯರು ಗೆದ್ದವರಂತೆ ಕಾಫಿಗೆ ಕೈ ಹಾಕಿದರು. “ಇಂಗ್ಲಿಷಿನಲ್ಲಿ ಇಲ್ಲದ್ದು ಕನ್ನಡದಲ್ಲಿ ಮೊದಲಿನಿಂದಲೂ ಇದೆ.”

ನನಗೆ ಒಪ್ಪಿಗೆಯಾಗಲಿಲ್ಲ. ದಾಕ್ಷಿಣ್ಯ ಒಬ್ಬರ ಮುಖ ನೋಡಿ ಹುಟ್ಟುವುದು. ಆ ಮುಖ ಅತ್ತ ತಿರುಗಿದೊಡನೆ ನಾವು ಇತ್ತ ಗೊಣಗಲು ಸ್ವತಂತ್ರರು. ಪಾಕಿಕಿಸಾಮ ಗುಂಪಿಗೆ ಸಲ್ಲುವ ಬಾಕಿ, ಮತ್ತು ಅದನ್ನು ಗೊಣಗದೆ ಸಲ್ಲಿಸಬೇಕು. ‘ಮರೂನೊಂಗ್ ಮಾಕಿಸಾಮ’, ಬೆರೆಯಬಲ್ಲವನು, ಎಂಬ ಮೆಚ್ಚುಗೆಯನ್ನು ದಾಕ್ಷಿಣ್ಯಕ್ಕೆ ಸಿಕ್ಕಿ ಒದ್ದಾಡುವವನಿಗೆ ಯಾರೂ ಕೊಡುವುದಿಲ್ಲ.

“ಇದನ್ನು ಅನುವಾದಿಸಲು ಹೋಗಿ ಪಂಡಿತರೇ ಜಗಳವಾಡಿದ್ದಾರೆ” ಎಂದು ಸುಮಕ್ಕ ಮುಂದುವರಿಸಿದರು. ಅತೆನೆಯೊ ದ ಮನಿಲಾ ವಿಶ್ವವಿದ್ಯಾಲಯದಲ್ಲಿದ್ದ ಅಮೆರಿಕದ ಜೆಸ್ವಿಟ್ ಮಾನವಶಾಸ್ತ್ರಜ್ಞ ಫ್ರಾಂಕ್ ಲಿಂಚ್, 1960ರ ದಶಕದಲ್ಲಿ, ಫಿಲಿಪಿನೊ ಜನರು ತುಂಬ ಬೆಲೆ ಕೊಡುವುದು ‘ಸ್ಮೂತ್ ಇಂಟರ್‌ಪರ್ಸನಲ್ ರಿಲೇಶನ್ಸ್’ಗೆ, ಅಂದರೆ ಘರ್ಷಣೆಯಿಲ್ಲದ ಸಂಬಂಧಗಳಿಗೆ, ಎಂದು ಬರೆದು ಪಾಕಿಕಿಸಾಮವನ್ನು ಅದರ ಸಾಧನವೆಂದರಂತೆ. ಆ ಮೂರು ಪದಗಳ ಮೊದಲಕ್ಷರ ಕೂಡಿಸಿದರೆ ‘ಸರ್’ ಎಂದಾಗುವುದನ್ನು ಕಂಡು ಶೆಟ್ಟರು ಪರಮಾನಂದಗೊಂಡರು. ಫಿಲಿಪೀನ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವರ್ಜಿಲಿಯೊ ಎನ್ರಿಕೆಜ್ 1970ರ ದಶಕದಲ್ಲಿ ಇದಕ್ಕೆ ಎದುರು ನಿಂತರು. ಬೇರು ಇರುವುದು ‘ಕಪ್ವಾ’ದಲ್ಲಿ, ಅಂದರೆ ಎದುರಿನವನೂ ನಾನೂ ಬೇರೆಯಲ್ಲ ಎಂಬ ಅರಿವಿನಲ್ಲಿ, ಪಾಕಿಕಿಸಾಮ ಅದರಿಂದ ಹೊರಟ ಎಂಟು ಮೆಟ್ಟಿಲುಗಳಲ್ಲಿ ಐದನೆಯದು ಮಾತ್ರ ಎಂದು ಅವರ ವಾದ. ಮೊದಲನೆಯ ಮೆಟ್ಟಿಲು ‘ಪಾಕಿಕಿತುಂಗೊ’, ಬರಿಯ ಸೌಜನ್ಯ. ಕೊನೆಯದು ‘ಪಾಕಿಕಿಇಸಾ’, ಒಂದೇ ಆಗಿಬಿಡುವುದು. ಐದರ ತನಕ ನೀವು ಹೊರಗಿನವರೇ, ಆರರಿಂದ ಮನೆಯವರು.

“ಮೊದಲ ಮೆಟ್ಟಿಲಿನಲ್ಲಿಯೇ ನಾನು ಜಾರಿ ಬಿದ್ದಿದ್ದೇನೆ” ಎಂದು ಶೆಟ್ಟರು ಒಪ್ಪಿಕೊಂಡರು. ಇಲ್ಲಿಗೆ ಬಂದ ಮೊದಲ ವಾರ, ಕಟ್ಟಡದ ಕಾವಲುಗಾರನು ಬುತ್ತಿ ಬಿಚ್ಚಿ ‘ಕಾಯಿನ್ ತಾಯೊ’, ಊಟ ಮಾಡೋಣ ಬನ್ನಿ, ಎಂದನಂತೆ. ಉಣ್ಣುವವರು ದಾರಿಹೋಕರಿಗೂ ಹಾಗೆ ಹೇಳುವುದು ವಾಡಿಕೆ; ‘ಆಗಲಿ, ನಿಮ್ಮದು ನಡೆಯಲಿ’ ಎಂದು ವಂದಿಸಿ ಮುಂದೆ ಹೋಗಬೇಕು. ಶೆಟ್ಟರು ಕುರ್ಚಿ ಎಳೆದುಕೊಂಡು ಕುಳಿತರು. ಪಾಪ, ಅವನು ಅನ್ನವನ್ನೂ ಒಂದೇ ಒಂದು ಕರಿದ ಮೀನನ್ನೂ ಸರಿಯಾಗಿ ಎರಡು ಭಾಗ ಮಾಡಿದ.

ಈ ಗುಣದ ಕೆಟ್ಟ ಮಗ್ಗುಲನ್ನು ಲೆಕ್ಕಪತ್ರದ ರಾಯರೇ ನೆನಪಿಸಿದರು. ಉಬ್ಬಿಸಿದ ಬಿಲ್ಲಿಗೆ ಸಹಿ ಬೇಕಾದಾಗಲೂ ‘ಪಾಕಿಸಾಮ ಲಾಂಗ್’, ಸ್ವಲ್ಪ ಹೊಂದಿಕೊಳ್ಳಿ, ಎಂದೇ ಅನುನಯಿಸುತ್ತಾರೆ. ಅಂಥಲ್ಲಿ ಬೇರೆ ಲೋಟವೇ ಲೇಸು ಎಂದು ನಾವೆಲ್ಲರೂ ಒಮ್ಮತಕ್ಕೆ ಬಂದೆವು.

ಅಷ್ಟರಲ್ಲಿ ಪಕ್ಕದ ಮನೆಯಿಂದ ನಾಲ್ಕೈದು ಹೆಂಗಸರು ಒಟ್ಟಿಗೆ ಕಿರುಚಿದ್ದು ಕೇಳಿಸಿತು. ಕಳ್ಳ ನುಗ್ಗಿದನೆಂದು ರಾಯರು ಎದ್ದರು. ಧಾರಾವಾಹಿಯ ನಾಯಕನು ನಾಯಕಿಯ ಕೈ ಹಿಡಿದಿರಬೇಕು, ಅದು ‘ಕಿಲಿಗ್’ ಎಂದು ಸುಮಕ್ಕ ಅವರನ್ನು ಕೂರಿಸಿದರು.

“ಅದು ರೋಮಾಂಚನ” ಎಂದು ರಾಯರು ಮತ್ತೆ ಕನ್ನಡದ ಪರ ನಿಂತರು. “ಬೇಕಾದರೆ ವೇಪಥು ಎನ್ನಿ. ಭರತಮುನಿಯ ಎಂಟು ಸಾತ್ತ್ವಿಕ ಭಾವಗಳಲ್ಲಿ ಎರಡೂ ಇವೆ.”

“ಭರತನ ವೇಪಥು ಚಳಿಗೂ ಭಯಕ್ಕೂ ಕೋಪಕ್ಕೂ ಬರುತ್ತದೆ. ಕಿಲಿಗ್ ಕೂಡ ಮೊದಲು ಬರಿಯ ನಡುಕವೇ. ಮೂತ್ರ ಮಾಡಿದ ಮೇಲೆ ಮೈ ಒಮ್ಮೆ ಜುಮ್ಮೆನ್ನುತ್ತದಲ್ಲ, ಅದಕ್ಕೂ ಇದೇ ಮಾತು. ಈಗ ಪ್ರೇಮ ಅದನ್ನು ಬಹುಪಾಲು ತನ್ನದಾಗಿಸಿಕೊಂಡಿದೆ. ಅದೂ ಸ್ವಂತದ್ದೇ ಆಗಬೇಕಿಲ್ಲ, ಪರರ ಪ್ರೇಮವನ್ನು ಕಂಡರೂ ಸಾಕು. ಇಂಗ್ಲಿಷಿನಲ್ಲಿ ಇಲ್ಲವೆನ್ನುವಂತೆಯೂ ಇಲ್ಲ. 2016ರಲ್ಲಿ ಆಕ್ಸ್‌ಫರ್ಡ್ ನಿಘಂಟು ಈ ಪದವನ್ನು ಹಾಗೆಯೇ ಎತ್ತಿಕೊಂಡಿತು. ಅವರು ಪದವನ್ನು ಒಯ್ದರು, ವ್ಯಾಕರಣವನ್ನು ಇಲ್ಲೇ ಬಿಟ್ಟರು.”

ವ್ಯಾಕರಣದಲ್ಲಿ ಅಂಥದ್ದೇನಿದೆ ಎಂದು ಕೇಳಿದೆ.

“ನನಗೆ ಕಿಲಿಗ್ ಆಯಿತು ಎನ್ನಲು ‘ಕಿನಿಲಿಗ್ ಅಕೊ’ ಎನ್ನುತ್ತಾರೆ, ಮೊದಲ ವ್ಯಂಜನದ ಬೆನ್ನಿಗೆ ‘ಇನ್’ ತೂರಿಕೊಂಡಿದೆ ನೋಡಿ. ನೆಗಡಿ ‘ಸಿಪೊನ್’, ನೆಗಡಿಯಾಯಿತು ‘ಸಿನಿಪೊನ್ ಅಕೊ’. ಜ್ವರ ‘ಲಗ್ನಾತ್’, ಜ್ವರ ಬಂತು ‘ನಿಲಗ್ನಾತ್ ಅಕೊ’, ಇಲ್ಲಿ ಅದೇ ‘ಇನ್’ ತಿರುಗಿ ‘ನಿ’ ಆಗಿ ಮೊದಲಿಗೇ ಬಂದಿದೆ. ಅಂದರೆ ಕಿಲಿಗ್ ನಾವು ಮಾಡುವ ಕೆಲಸವಲ್ಲ, ನಮಗೆ ತಗಲುವ ಬಾಧೆ.”

“ಜ್ವರಕ್ಕೆ ಲಗ್ನಾತ್ ಎನ್ನುತ್ತಾರೆಯೇ?” ಶೆಟ್ಟರು ಎದ್ದು ನಿಂತರು. “ಲಗ್ನವೇ ಜ್ವರವೆಂದು ನಾನು ಮೂವತ್ತು ವರ್ಷದ ಹಿಂದೆಯೇ ಕಂಡುಕೊಂಡಿದ್ದೆ, ಹೇಳುವುದಕ್ಕೆ ಧೈರ್ಯವಿರಲಿಲ್ಲ.”

ಆಗ ರಾಯರ ಮೊಬೈಲು ಸದ್ದು ಮಾಡಿತು. ಮುಂದಿನ ಶುಕ್ರವಾರ ಮತ್ತೆ ಕೂಟವಿದೆಯೆಂದೂ, ನಡುವೆ ಇಡುವ ‘ಪುಲೂತನ್’ ತಟ್ಟೆಯಲ್ಲಿ ಅವರಿಗಾಗಿ ಬೆಳ್ಳುಳ್ಳಿ ಹಾಕಿ ಹುರಿದ ಕಡಲೆಕಾಯಿ ಇರುವುದೆಂದೂ, ಅವರ ಸರದಿಯ ಗ್ಲಾಸನ್ನು ತಂಗೆರೊ ತಾನೇ ಕುಡಿಯುವನೆಂದೂ, ಅದಕ್ಕೆ ಬದಲಾಗಿ ಅವರು ವೀಡಿಯೊಕೆಯಲ್ಲಿ ಎರಡು ಹಾಡು ಹಾಡಲೇಬೇಕೆಂದೂ ಕಚೇರಿಯವರು ಬರೆದಿದ್ದರು. ರಾಯರು ಎರಡು ಬಾರಿ ಓದಿದರು. ಮುಖ ಕೆಂಪಾಯಿತು, ಭುಜಗಳು ಸಣ್ಣಗೆ ನಡುಗಿದವು.

“ಸುಮಕ್ಕ, ಇದು ಜ್ವರವೋ, ಕಿಲಿಗ್ಗೋ?” ಎಂದರು ಶೆಟ್ಟರು.

“ಎರಡೂ ಅಲ್ಲ, ಮಳೆಯಲ್ಲಿ ನೆನೆದು ಬಂದಿದ್ದೇನೆ, ಚಳಿ” ಎಂದು ರಾಯರು ಮೊಬೈಲನ್ನು ಜೇಬಿಗೆ ಸೇರಿಸಿ, ಎಂಟು ವರ್ಷದಲ್ಲಿ ಕಲಿತ ಅಷ್ಟಿಷ್ಟು ಟಾಗಲಾಗ್‌ನಲ್ಲಿ ‘ಗಿನಿಗಿನಾವ್ ಅಕೊ’ ಎಂದರು.

“ಅದರಲ್ಲಿಯೂ ‘ಇನ್’ ಇದೆ” ಎಂದು ಸುಮಕ್ಕ ಕಾಫಿ ಬಿಸಿಮಾಡಲು ಒಳಗೆ ಹೋದರು.