ಅಮ್ಮ ಬಂದಿದ್ದಕ್ಕೆ ರಜಾ ಚೀಟಿ

ತುಮಕೂರಿನ ಒಂದು ವಠಾರದ ಜಗಲಿ. ಕ್ಯಾತ್ಸಂದ್ರದಿಂದ ತಂದ ತಟ್ಟೆ ಇಡ್ಲಿ ಪೊಟ್ಟಣ ಬಿಚ್ಚಿಕೊಂಡು ಕೂತವರು ನಾಲ್ವರು: ಶಾಲಾ ಕಚೇರಿಯ ಗುಮಾಸ್ತ ರಾಜಣ್ಣ, ಆರೋಗ್ಯ ಕೇಂದ್ರದ ನರ್ಸ್ ಜಯಕ್ಕ, ಐದನೇ ಕ್ಲಾಸಿನ ಟೀಚರ್ ಲಕ್ಷ್ಮಿ, ಮತ್ತೆ ರೂಲು ಹಾಳೆ ಹಿಡಿದ ಸುಧಾ. ಸುಧಾಳ ಮಗನಿಗೆ ಮೈತುಂಬ ಗುಳ್ಳೆ ಎದ್ದು ಒಣಗಿಯೂ ಆಗಿತ್ತು. ಬಾಕಿ ಇದ್ದದ್ದು ಪ್ರಿನ್ಸಿಪಾಲರಿಗೆ ಪತ್ರ.

ಸುಧಾ: ಓದ್ತೀನಿ, ಕೇಳಿ. 'ಮಾನ್ಯರೇ, ನನ್ನ ಮಗನಿಗೆ ಅಮ್ಮ ಬಂದಿದ್ದರಿಂದ ಕಳೆದ ವಾರದಿಂದ ಶಾಲೆಗೆ ಬರಲಾಗಲಿಲ್ಲ.'

ರಾಜಣ್ಣ: ಕೆಳಗೆ ಸೈನ್ ಯಾರದ್ದು?

ಸುಧಾ: ನಂದೇ. 'ಇಂತಿ, ಅಮ್ಮ.'

ರಾಜಣ್ಣ: ಸರಿಹೋಯ್ತು. ಅಮ್ಮ ಬಂದ್ಲು, ಅಮ್ಮನೇ ರಜ ಕೇಳಿದ್ಲು. ಪ್ರಿನ್ಸಿಪಾಲ್ರು ಈ ಕಡೆಯೋರಲ್ಲ ಸುಧಮ್ಮ. 'ತಾಯಿ ಊರಿಂದ ಬಂದ್ರೆ ಮಗ ಒಂದು ದಿನ ರಜ ಹಾಕ್ಲಿ, ವಾರಗಟ್ಟಲೆ ಯಾಕೆ' ಅಂತ ನನ್ನನ್ನ ಕೇಳ್ತಾರೆ.

ಜಯಕ್ಕ: ತಮಾಷೆ ಬಿಡು, ಇನ್ನೊಂದಿದೆ. ನಮ್ಮ ಕಡೆ ದಡಾರಾನೂ ಅಮ್ಮನೇ, ಸೀತಾಳೆ ಸಿಡುಬೂ ಅಮ್ಮನೇ. ಎರಡೂ ಬೇರೆ ಬೇರೆ ಕಾಯಿಲೆ. ದಡಾರ ಆದ್ರೆ ಗಂಧೆ ಕಾಣಿಸಿದ ಮೇಲೆ ನಾಲ್ಕು ದಿನ ಮಗು ಮನೇಲಿರ್ಬೇಕು. ಸೀತಾಳೇಲಿ ದಿನದ ಲೆಕ್ಕ ಇಲ್ಲ, ಎಲ್ಲಾ ಗುಳ್ಳೆ ಒಣಗಿ ಹಕ್ಕಳೆ ಕಟ್ಟೋವರೆಗೂ ಹೊರಗೆ ಕಳಿಸೋ ಹಾಗಿಲ್ಲ. ಹೆಸರು ಬರೀಲಿಲ್ಲ ಅಂದ್ರೆ ಶಾಲೆಯೋರು ಏನಂತ ತಿಳ್ಕೋಬೇಕು? 'ಚಿಕನ್‌ಪಾಕ್ಸ್' ಅಂತ ಸೀದಾ ಬರಿ.

ಸುಧಾ: ಆಯ್ತು. 'ಕಳೆದ ವಾರದಿಂದ' ಅನ್ನೋದು ಸರಿ ತಾನೆ?

ರಾಜಣ್ಣ: ಯಾರ ಕಳೆದ ವಾರ? ಪತ್ರ ನನ್ನ ಮೇಜಿಗೆ ಬರೋಷ್ಟರಲ್ಲಿ ವಾರಾನೂ ಕಳೆದಿರುತ್ತೆ, ಪತ್ರಾನೂ ಕಳೆದಿರುತ್ತೆ. ತಾರೀಖು ಹಾಕಿ.

ಸುಧಾ: ಫೆಬ್ರವರಿ 9ರ ಸೋಮವಾರದಿಂದ 17ರ ಮಂಗಳವಾರದವರೆಗೆ. ಒಂಬತ್ತು ದಿನ.

ರಾಜಣ್ಣ: ಹಾಜರಿ ಪುಸ್ತಕದಲ್ಲಿ ಎಂಟೇ ಗೈರು ಇರೋದು. ನಡುವೆ 15 ಭಾನುವಾರ. ನೀವು ಒಂಬತ್ತು ಅಂತೀರ, ಪುಸ್ತಕ ಎಂಟು ಅನ್ನುತ್ತೆ, ಆಮೇಲೆ ಒಂದಿನ ಎಲ್ಲೋಯ್ತು ಅಂತ ಇಬ್ರೂ ಹುಡುಕ್ತಾ ಕೂರ್ಬೇಕು. 'ಎಂಟು ಶಾಲಾ ದಿನ' ಅಂತ ಹಾಕಿ.

ಜಯಕ್ಕ: ಇನ್ನು ನನ್ನ ಎರಡು ತಾರೀಖು. ಮೊದಲ ಗುಳ್ಳೆ ಕಂಡಿದ್ದು ಯಾವತ್ತು, ಕೊನೇದು ಒಣಗಿದ್ದು ಯಾವತ್ತು?

ಸುಧಾ: ಕಂಡಿದ್ದು 9ರ ಬೆಳಿಗ್ಗೆ. ಬೇವಿನ ಸೊಪ್ಪು ಹಾಕಿ ತಲೆಗೆ ನೀರು ಹಾಕಿದ್ದು ಭಾನುವಾರ. ಅಲ್ಲಿಗೆ ಮುಗೀತಲ್ಲ?

ಜಯಕ್ಕ: ನೀರು ಹಾಕಿದ್ದು ನಿನ್ನ ಮನೆ ಲೆಕ್ಕ, ಗುಳ್ಳೆಗೆ ಅದರದ್ದೇ ಲೆಕ್ಕ. ಇದು ಒಂದೇ ಸಲ ಎದ್ದು ಒಂದೇ ಸಲ ಒಣಗಲ್ಲ ಕಣೇ. ಮೂರ್ನಾಲ್ಕು ದಿನ ಕಂತು ಕಂತಾಗಿ ಏಳುತ್ತೆ. ಒಂದೇ ಹೊಟ್ಟೆ ಮೇಲೆ ಇಲ್ಲಿ ಕೆಂಪು ಚುಕ್ಕೆ, ಪಕ್ಕದಲ್ಲಿ ನೀರು ತುಂಬಿದ ಗುಳ್ಳೆ, ಅದರ ಪಕ್ಕದಲ್ಲಿ ಒಣ ಹಕ್ಕಳೆ. ಎದೆ ಬೆನ್ನು ನೋಡಿ ಒಣಗ್ತು ಅಂದ್ಕೊತಾರೆ, ಕೂದಲ ಒಳಗೆ, ಕಿವಿ ಹಿಂದೆ ಇನ್ನೂ ಹಸಿ ಇರುತ್ತೆ. ಭಾನುವಾರ ನಾನೇ ಟಾರ್ಚ್ ಬಿಟ್ಟು ನೋಡಿದ್ನಲ್ಲ, ನೆತ್ತಿ ಮೇಲೆ ಎರಡು ಇನ್ನೂ ಮಿರಮಿರ ಅಂತಿದ್ವು. ಅವು ಒಣಗಿದ್ದು 16ಕ್ಕೆ.

ಲಕ್ಷ್ಮಿ: ಹಕ್ಕಳೆ ಪೂರ್ತಿ ಉದುರಬೇಕು ಅಂತಾರಲ್ಲ ಕೆಲವರು?

ಜಯಕ್ಕ: ಬೇಕಿಲ್ಲ. ಒಣಗಿದ್ರೆ ಸಾಕು. ಉದುರೋದನ್ನ ಕಾಯ್ತಾ ಕೂತ್ರೆ ಸುಮ್ನೆ ಇನ್ನೊಂದು ವಾರ ಪಾಠ ಹೋಗುತ್ತೆ. ಡಾಕ್ಟರ್ 17ಕ್ಕೆ ನೋಡಿದಾರೆ. ಸರ್ಟಿಫಿಕೇಟಲ್ಲಿ 'ವಿಶ್ರಾಂತಿ ಬೇಕಿತ್ತು' ಅಂತಷ್ಟೇ ಬರ್ಸಿಕೊಂಡು ಬಂದಿಲ್ಲ ತಾನೆ? 'ಎಲ್ಲಾ ಗುಳ್ಳೆ ಒಣಗಿವೆ, 18ರಿಂದ ಶಾಲೆಗೆ ಹೋಗಬಹುದು' ಅಂತಿರ್ಬೇಕು.

ಸುಧಾ: ಹಾಗೇ ಇದೆ.

ಜಯಕ್ಕ: ಇನ್ನೊಂದು ಸಾಲು ಇದೆ. ಅದನ್ನ ಯಾವ ತಾಯೀನೂ ಬರೆಯಲ್ಲ. ಗುಳ್ಳೆ ಏಳೋಕೆ ಒಂದೆರಡು ದಿನ ಮುಂಚೇನೇ ಇದು ಅಂಟುತ್ತೆ. ಅಂದ್ರೆ 7ರ ಶನಿವಾರ ನಿನ್ನ ಮಗ ಕ್ಲಾಸಲ್ಲಿ ಕೂತು ಹಂಚಿರಬಹುದು.

ಸುಧಾ: ಅಯ್ಯೋ, ಅದನ್ನೂ ಬರೆದುಕೊಟ್ರೆ ತಪ್ಪೊಪ್ಪಿಗೆ ಪತ್ರ ಆಗುತ್ತಲ್ಲಕ್ಕ!

ಜಯಕ್ಕ: ತಪ್ಪಲ್ಲ, ಲೆಕ್ಕ. ಅಂಟಿದ ಹತ್ತರಿಂದ ಇಪ್ಪತ್ತೊಂದು ದಿನದೊಳಗೆ ಕಾಣಿಸಿಕೊಳ್ಳುತ್ತೆ. 7ಕ್ಕೆ ಹತ್ತು ಸೇರಿಸಿದ್ರೆ 17, ಇಪ್ಪತ್ತೊಂದು ಸೇರಿಸಿದ್ರೆ 28. ಆ ದಿನಗಳಲ್ಲಿ ಯಾವ ಮಗುಗಾದ್ರೂ ಜ್ವರದ ಜೊತೆ ನೀರುಗುಳ್ಳೆ ಬಂದ್ರೆ ಟೀಚರ್ ತಕ್ಷಣ ಗುರುತಿಸ್ತಾರೆ. ಟೀಚರ್‌ಗಳಲ್ಲಿ ಯಾರಾದ್ರೂ ಬಸುರಿ ಇದ್ದು, ಹಿಂದೆ ಅವರಿಗೆ ಇದು ಬಂದಿಲ್ಲ, ಲಸಿಕೇನೂ ಆಗಿಲ್ಲ ಅಂದ್ರೆ ತಡ ಮಾಡ್ದೆ ಡಾಕ್ಟರನ್ನ ನೋಡ್ಬೇಕು. ನಿಜ ಹೇಳ್ಬೇಕು ಅಂದ್ರೆ ಇದನ್ನ 9ನೇ ತಾರೀಖೇ ಫೋನಲ್ಲಿ ಹೇಳ್ಬೇಕಿತ್ತು. ಪತ್ರ ಬರೀ ದಾಖಲೆಗೆ.

ಲಕ್ಷ್ಮಿ: (ಇಡ್ಲಿ ಮುರಿಯುತ್ತಾ) ಪಾಠದ ವಿಷಯ ಏನು ಬರ್ದಿದೀಯ?

ಸುಧಾ: 'ದಯವಿಟ್ಟು ಎಲ್ಲಾ ವಿಷಯಗಳ ಎಲ್ಲಾ ನೋಟ್ಸ್ ಕೊಡಿಸಬೇಕಾಗಿ ವಿನಂತಿ.'

ಲಕ್ಷ್ಮಿ: ಎಲ್ಲಾ ಅಂತ ಕೇಳಿದ್ರೆ ಎಲ್ಲರೂ ಒಂದೇ ಮಾತು ಹೇಳ್ತಾರೆ, 'ವಾಟ್ಸಾಪ್ ಗ್ರೂಪ್‌ಗೆ ಹಾಕಿದೀವಿ' ಅಂತ. ಅಲ್ಲಿ ನೋಡಿದ್ರೆ ಅಡ್ಡಡ್ಡ ತೆಗೆದ ಫೋಟೊ, ಅರ್ಧಕ್ಕೆ ಹೆಬ್ಬೆರಳು. ಗುಳ್ಳೆ ಬಂದು ಸೊರಗಿದ ಹುಡುಗ ಅದನ್ನ ಕಾಪಿ ಮಾಡಿ ಮಾಡಿ ಬೆರಳು ನೋಯಿಸ್ಕೋತಾನೇ ಹೊರತು ಒಂದಕ್ಷರ ತಲೆಗೆ ಹೋಗಲ್ಲ. ಮೊದಲು ಗಣಿತ ಕೇಳು. ಆ ಎಂಟು ದಿನದಲ್ಲಿ ನಾವು ಮಾಡಿದ್ದು ಸಮಾನ ಭಿನ್ನರಾಶಿ. ಇದು ಬರಲಿಲ್ಲ ಅಂದ್ರೆ ಮುಂದೆ ಭಿನ್ನರಾಶಿ ಕೂಡೋ ಲೆಕ್ಕದಲ್ಲಿ ನಿಂತುಬಿಡ್ತಾನೆ. ನೋಡು, ಅರ್ಧ ಇಡ್ಲಿ. ಇದನ್ನೇ ಎರಡು ಮಾಡಿದ್ರೆ ನಾಲ್ಕರಲ್ಲಿ ಎರಡು ತುಂಡು. ಇಡ್ಲಿ ಹೆಚ್ಚಾಯ್ತಾ?

ರಾಜಣ್ಣ: ಕಮ್ಮಿ ಆಯ್ತು. ಒಂದು ತುಂಡು ನಾನು ತಿಂದೆ.

ಲಕ್ಷ್ಮಿ: ಇದನ್ನ ಹೇಳಿಕೊಡೋಕೆ ಹದಿನೈದು ನಿಮಿಷ ಸಾಕು, ಆದ್ರೆ ಎದುರಿಗೆ ಕೂರಿಸಿಕೊಂಡೇ ಹೇಳ್ಬೇಕು. ಅದಕ್ಕೆ ಎರಡು ಮೂರು ದಿನ ಸಂಜೆ ಸಮಯ ಕೇಳು. ಸಮಾಜ ವಿಜ್ಞಾನ ಓದ್ಕೊಂಡ್ರೆ ಆಯ್ತು, ಪಾಠದ ಹೆಸರು ಸಿಕ್ಕಿದ್ರೆ ಸಾಕು. ಮರೀದೇ ಕೇಳಬೇಕಾದ್ದು 12ರ ಕಿರುಪರೀಕ್ಷೆ. ಕೇಳದೇ ಬಿಟ್ರೆ ಅಂಕಪಟ್ಟೀಲಿ 'ಗೈರು' ಅಂತ ಕೂತುಬಿಡುತ್ತೆ.

ಇಷ್ಟಾಗುವಾಗ ಹಾಳೆ ಮೂರು ಬದಲಾಗಿತ್ತು, ಮೂರನೆಯದರ ಅಂಚಿಗೆ ಚಟ್ನಿ ಹತ್ತಿತ್ತು. ನಾಲ್ಕನೆಯದರಲ್ಲಿ ಹೀಗಿತ್ತು:

'ಗೆ, ಪ್ರಾಂಶುಪಾಲರು. ಮೂಲಕ: ತರಗತಿ ಶಿಕ್ಷಕರು, 5ನೇ ತರಗತಿ 'ಬಿ' ವಿಭಾಗ.

ವಿಷಯ: ಚಿಕನ್‌ಪಾಕ್ಸ್ ಕಾರಣದ ಗೈರುಹಾಜರಿ ಮತ್ತು ತಪ್ಪಿದ ಪಾಠಗಳ ಬಗ್ಗೆ.

ಮಾನ್ಯರೇ, ನನ್ನ ಮಗ ಚಿಕನ್‌ಪಾಕ್ಸ್‌ನಿಂದಾಗಿ ಫೆಬ್ರವರಿ 9ರಿಂದ 17ರವರೆಗೆ, ಎಂಟು ಶಾಲಾ ದಿನ, ಗೈರಾಗಿದ್ದಾನೆ. ಮೊದಲ ಗುಳ್ಳೆ 9ರಂದು ಕಂಡಿತು. 16ಕ್ಕೆ ಎಲ್ಲವೂ ಒಣಗಿವೆ. 18ರಿಂದ ಶಾಲೆಗೆ ಬರುತ್ತಾನೆ. 7ರಂದು ತರಗತಿಯಲ್ಲಿ ಇದ್ದುದರಿಂದ 28ರವರೆಗೆ ಇತರ ಮಕ್ಕಳ ಮೇಲೆ ಗಮನವಿರಲಿ, ಗರ್ಭಿಣಿ ಶಿಕ್ಷಕಿಯರಿದ್ದರೆ ಅವರಿಗೂ ತಿಳಿಸಿ.

ಗಣಿತದ ಸಮಾನ ಭಿನ್ನರಾಶಿಗೆ ಎರಡು ಮೂರು ಸಂಜೆ ಸಮಯ, ಉಳಿದ ವಿಷಯಗಳಲ್ಲಿ ನಡೆದ ಪಾಠಗಳ ಹೆಸರು, 12ರ ಕಿರುಪರೀಕ್ಷೆಗೆ ಬೇರೆ ದಿನ, ಬಾಕಿ ಹೋಂವರ್ಕ್ ಒಪ್ಪಿಸಲು ಎರಡು ವಾರ ಕೊಡಬೇಕಾಗಿ ಕೋರುತ್ತೇನೆ.

ಲಗತ್ತು: ವೈದ್ಯರ ಪ್ರಮಾಣಪತ್ರ.'

ರಾಜಣ್ಣ: ಈಗ ಸೈ. ಒಂದು ಜೆರಾಕ್ಸ್ ಮಾಡಿಸಿ, ಅದರ ಮೇಲೆ ನನ್ನ ಹತ್ರ ಸೀಲು ತಾರೀಖು ಹಾಕಿಸ್ಕೊಳ್ಳಿ. ಎಲ್ಲಿ, ಸೈನ್ ಮಾಡಿ.

ಸುಧಾ ಕೂತು ಗುಂಡಗೆ ಬರೆದಳು: 'ಇಂತಿ, ಅಮ್ಮ.'

ರಾಜಣ್ಣ: ನಿಮ್ಮ ಹೆಸರು ಹಾಕಿ ತಾಯಿ! ಮತ್ತೆ ಯಾವ ಅಮ್ಮ ಅಂತ ಕೇಳ್ತಾರೆ!