ಗರ್ಭಪಾತದ ರಜೆಗೆ ಎಚ್‌ಆರ್ ಕೈಗೆ ಯಾವ ಕಾಗದ ಕೊಡಬೇಕು?

ಹಿಂಜವಡಿಯಲ್ಲಿ ಕೆಲಸ ಮಾಡುವ ನಮ್ಮ ಗುಂಪಿನ ಒಬ್ಬ ತಂಗಿ ಕೇಳಿದ ಪ್ರಶ್ನೆ ಇದು. ಆಕೆಗೆ ಮೂರನೇ ತಿಂಗಳಲ್ಲಿ ಗರ್ಭಪಾತವಾಗಿದೆ. ರಜೆ ಕೇಳಿದರೆ ಎಚ್‌ಆರ್‌ನವರು ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನಿಂಗ್ ರಿಪೋರ್ಟ್ ಎಲ್ಲ ಕಳಿಸಿ, ಮ್ಯಾನೇಜರ್‌ಗೂ ಒಂದು ಕಾಪಿ ಹಾಕಿ ಅಂದಿದ್ದಾರೆ. ಪುಣೆ, ಮುಂಬೈನಲ್ಲಿರುವ ಉಳಿದವರಿಗೂ ಉಪಯೋಗಕ್ಕೆ ಬರಲಿ ಎಂದು ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಈ ರಜೆಗೆ ಪುರಾವೆ ಕೇಳುವ ಹಕ್ಕು ಕಂಪನಿಗೆ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಪುರಾವೆ ಕೊಟ್ಟರೆ ಆರು ವಾರ ಸಂಬಳ ಸಹಿತ ರಜೆ. ಆದರೆ ಪುರಾವೆ ಯಾವುದಕ್ಕೆ? ಗರ್ಭಪಾತ ಆಯಿತು, ಇಂಥ ದಿನ ಆಯಿತು ಅನ್ನುವುದಕ್ಕೆ. ಯಾಕೆ ಆಯಿತು, ಹಿಂದೆಯೂ ಆಗಿತ್ತಾ, ತಾನಾಗೇ ಆಯಿತಾ ಅಥವಾ ವೈದ್ಯರು ತೆಗೆದರಾ ಅನ್ನುವುದಕ್ಕೆ ಅಲ್ಲ. ಕೊನೆಯ ಎರಡಕ್ಕೂ ಕಾನೂನು ಅದೇ ಆರು ವಾರ ಕೊಡುತ್ತದೆ, ಹಾಗಾಗಿ ಯಾವುದು ಎಂದು ಎಚ್‌ಆರ್‌ಗೆ ಗೊತ್ತಾಗಬೇಕಾದ ಅಗತ್ಯವೇ ಇಲ್ಲ.

ಡಿಸ್ಚಾರ್ಜ್ ಸಮ್ಮರಿ ಯಾಕೆ ಬೇಡ ಅಂದರೆ, ಅದನ್ನು ಒಮ್ಮೆ ತೆರೆದು ನೋಡಿ. ಮೇಲ್ಗಡೆ ಎಲ್ಲೋ G3P1L1A1 ಅಂತ ಸಣ್ಣದಾಗಿ ಇರುತ್ತದೆ. ಇದು ಮೂರನೇ ಗರ್ಭ, ಒಂದು ಹೆರಿಗೆ, ಒಂದು ಮಗು ಇದೆ, ಹಿಂದೆ ಒಮ್ಮೆ ಗರ್ಭ ಉಳಿಯಲಿಲ್ಲ ಅಂತ ಅದರ ಅರ್ಥ. ಅತ್ತೆ ಮನೆಯವರಿಗೂ ಹೇಳದ ವಿಷಯ ಆ ಒಂದು ಸಾಲಿನಲ್ಲಿ ಆಫೀಸಿಗೆ ಹೋಗಿಬಿಡುತ್ತದೆ. ಕೆಳಗೆ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಯ ಫಲಿತಾಂಶವೂ ಇರಬಹುದು. ಎಚ್‌ಐವಿ ಇದೆಯೋ ಇಲ್ಲವೋ ಹೇಳು ಎಂದು ಯಾರನ್ನೂ ಬಲವಂತ ಮಾಡಬಾರದು ಅಂತ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯೇ ಹೇಳುತ್ತದೆ. 2011ರ ಐಟಿ ನಿಯಮಗಳೂ ಆರೋಗ್ಯದ ಮಾಹಿತಿಯನ್ನು ಸೂಕ್ಷ್ಮ ಮಾಹಿತಿ ಎಂದು ಪರಿಗಣಿಸಿ, ಉದ್ದೇಶಕ್ಕೆ ಬೇಕಾದಷ್ಟನ್ನೇ ಪಡೆಯಬೇಕು ಎನ್ನುತ್ತವೆ.

ಹಾಗಾದರೆ ಏನು ಕೊಡಬೇಕು? ವೈದ್ಯರಿಂದ ಒಂದು ಪುಟದ ಸರ್ಟಿಫಿಕೇಟ್. ಹೆಸರು, ಗರ್ಭಪಾತವಾದ ದಿನಾಂಕ, ವೈದ್ಯರ ಸಹಿ, ಮೊಹರು, ಅವರ ನೋಂದಣಿ ಸಂಖ್ಯೆ. ಇಷ್ಟೇ. ಕಂಪನಿಗೆ ಅನುಮಾನ ಇದ್ದರೆ ಆ ಸಂಖ್ಯೆ ಹಿಡಿದು ವೈದ್ಯರು ನಿಜವಾಗಿ ನೋಂದಾಯಿತರೇ ಎಂದು ನೋಡಿಕೊಳ್ಳಬಹುದು. ಐವಿಎಫ್ ಸೆಂಟರಿನಲ್ಲಿ ಚಿಕಿತ್ಸೆ ಪಡೆದಿದ್ದರೆ, ಸೆಂಟರಿನ ಲೆಟರ್‌ಹೆಡ್ ಬದಲು ವೈದ್ಯರ ಸ್ವಂತ ಲೆಟರ್‌ಹೆಡ್ ಮೇಲೆ ಬರೆದುಕೊಡಿ ಎಂದು ಕೇಳಿ. ಲೆಟರ್‌ಹೆಡ್ಡೇ ಅರ್ಧ ಕಥೆ ಹೇಳುತ್ತದೆ ಅಲ್ವಾ.

ಇಲ್ಲಿ ಜಾಸ್ತಿ ಜನ ಸಿಕ್ಕಿಬೀಳುವುದು ಒಂದೇ ಜಾಗದಲ್ಲಿ. ವೈದ್ಯರು ರೂಢಿಯಂತೆ ‘ಎರಡು ವಾರ ವಿಶ್ರಾಂತಿ ಬೇಕು’ ಎಂದು ಬರೆದುಬಿಡುತ್ತಾರೆ. ಎಚ್‌ಆರ್ ಅದನ್ನೇ ಹಿಡಿದು ಎರಡೇ ವಾರ ಕೊಡುತ್ತದೆ, ಅದನ್ನೂ ಸಿಕ್ ಲೀವಿನಿಂದ ಕಳೆಯುತ್ತದೆ. ಈ ಆರು ವಾರ ವೈದ್ಯರ ಅಂದಾಜಿನ ಮೇಲೆ ನಿಂತಿಲ್ಲ, ಗರ್ಭಪಾತದ ದಿನದ ಮೇಲೆ ನಿಂತಿದೆ. ಹಾಗಾಗಿ ದಿನಾಂಕ ಬೇಕೇ ಬೇಕು, ವಿಶ್ರಾಂತಿಯ ಲೆಕ್ಕ ಬೇಡ. ಉದಾಹರಣೆಗೆ ಜೂನ್ 3ಕ್ಕೆ ಆಗಿದ್ದರೆ, ರಜೆ ಜೂನ್ 4ರಿಂದ ಜುಲೈ 15ರವರೆಗೆ, 42 ದಿನ. ಎಂಟೇ ವಾರದ ಗರ್ಭ, ಇದಕ್ಕೆಲ್ಲ ರಜೆ ಇಲ್ಲ ಎಂದು ಯಾರಾದರೂ ಅಂದರೆ ನಂಬಬೇಡಿ. 26ನೇ ವಾರದೊಳಗೆ ಯಾವಾಗ ಆದರೂ ಕಾನೂನಿನ ಪ್ರಕಾರ ಅದು ಗರ್ಭಪಾತವೇ.

ಮೇಲ್ ಹೀಗಿರಲಿ: ‘ಜೂನ್ 4ರಿಂದ ಜುಲೈ 15ರವರೆಗೆ ಗರ್ಭಪಾತದ ರಜೆ ಕೋರುತ್ತೇನೆ, ವೈದ್ಯರ ಸರ್ಟಿಫಿಕೇಟ್ ಲಗತ್ತಿಸಿದ್ದೇನೆ. ಮ್ಯಾನೇಜರ್‌ಗೆ ರಜೆಯ ದಿನಾಂಕಗಳನ್ನು ಮಾತ್ರ ತಿಳಿಸಿ.’ ಎಚ್‌ಆರ್‌ನ ಒಬ್ಬರಿಗಷ್ಟೇ ಕಳಿಸಿ, ಟೀಮ್ ಮೇಲ್‌ಗೆ ಬೇಡ. ಮತ್ತೆ ರಿಪೋರ್ಟ್ ಕೇಳಿದರೆ, ಯಾವ ನಿಯಮದ ಪ್ರಕಾರ ಬೇಕು ಎಂದು ಬರಹದಲ್ಲಿ ಕೇಳಿ.

ಇನ್ಶೂರೆನ್ಸ್ ಕ್ಲೇಮಿಗೆ ಪೂರ್ತಿ ಸಮ್ಮರಿ ಬೇಕಾಗುತ್ತದೆ, ಅದು ಬೇರೆ ದಾರಿ. ಅದನ್ನು ನೇರವಾಗಿ ಟಿಪಿಎಗೆ, ಅಂದರೆ ಇನ್ಶೂರೆನ್ಸ್ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆಗೆ, ಸ್ವಂತ ಮೇಲ್‌ನಿಂದ ಕಳಿಸಿ.

ಆರು ವಾರ ಕಳೆದ ಮೇಲೂ ರಕ್ತಸ್ರಾವವೋ ಸೋಂಕೋ ಉಳಿದಿದ್ದರೆ, ಗರ್ಭಪಾತದಿಂದ ಬಂದ ಅನಾರೋಗ್ಯಕ್ಕೆ ಇನ್ನೂ ಒಂದು ತಿಂಗಳವರೆಗೆ ರಜೆ ಇದೆ. ಅದಕ್ಕೆ ಹೊಸ ಸರ್ಟಿಫಿಕೇಟ್ ಬೇಕು. ಅದರಲ್ಲಿ ‘ಗರ್ಭಪಾತದ ನಂತರದ ಅನಾರೋಗ್ಯ’ ಎಂದು ಇರಲಿ. ಆ ಸಂಬಂಧ ಬರೆದಿಲ್ಲದಿದ್ದರೆ ಅದನ್ನು ಮಾಮೂಲಿ ಸಿಕ್ ಲೀವ್ ಎಂದು ನೋಡುತ್ತಾರೆ.

ಗಂಡಂದಿರಿಗೆ ಖಾಸಗಿ ಕೆಲಸದಲ್ಲಿ ಇದಕ್ಕೆಂದು ಕಾನೂನಿನ ರಜೆ ಇಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಡಿ ವರ್ಷಕ್ಕೆ 8 ಕ್ಯಾಶುಯಲ್ ಲೀವ್ ಇವೆ, ಮ್ಯಾನೇಜರ್ ದರ್ಜೆಯವರಿಗೆ ಅದು ಅನ್ವಯಿಸುವುದಿಲ್ಲ. ಅದಕ್ಕೆ ವೈದ್ಯರ ಕಾಗದದ ಷರತ್ತಿಲ್ಲ. ‘ಮನೆಯ ಕೆಲಸ’ ಎಂದು ಹಾಕಿದರೆ ಸಾಕು, ಹೆಂಡತಿಯ ವಿಷಯವನ್ನು ಆಫೀಸಿನಲ್ಲಿ ಎತ್ತುವುದು ಬೇಡ.